ಪೊಟ್ಟಣದ ಮೇಲಿನ ಬೀಜ, ಎಲೆ ಮತ್ತು ಹಬೆ

ನಿಮ್ಮಲ್ಲಿ ಬಹುಪಾಲು ಜನ ಕಾಫಿ ಬೆಳೆಗಾರರು. ಕೆಲವರು ಈಗಾಗಲೇ ಮನೆಯ ಪಕ್ಕದ ಶೆಡ್ಡಿನಲ್ಲಿ ಚಿಕ್ಕದೊಂದು ಹುರಿಯುವ ಯಂತ್ರವನ್ನು ಕೂರಿಸಿಕೊಂಡು, 50 ಕಿಲೋ ಮೂಟೆಯ ಲೆಕ್ಕದಲ್ಲಿ ವರ್ತಕರಿಗೆ ಕೊಡುತ್ತಿದ್ದುದನ್ನು ಪೊಟ್ಟಣದ ಲೆಕ್ಕದಲ್ಲಿ ಸ್ವಂತ ಹೆಸರಿನಿಂದ ಮಾರಲು ಹೊರಟಿದ್ದೀರಿ. ನಾನು ಪೊಟ್ಟಣಗಳ ವಿನ್ಯಾಸ ಮಾಡುವವನು. ಹೀಗೆ ಹೊರಟವರು ನನ್ನಂಥವರ ಬಳಿಗೆ ಬರುವಾಗ ಬಹುತೇಕ ಒಂದೇ ಕೋರಿಕೆಯನ್ನು ತರುತ್ತಾರೆ: ಕಂದು ಕಾಗದದ ಚೀಲ ಇರಲಿ, ಅದರ ಮೇಲೆ ಕಾಫಿ ಬೀಜಗಳಿರಲಿ, ಪಕ್ಕದಲ್ಲಿ ಎರಡು ಎಲೆ, ಲೋಟದಿಂದ ಏಳುವ ಹಬೆ, ಒಟ್ಟಿನಲ್ಲಿ ಮಣ್ಣಿನ ಸೊಗಡು ಕಾಣಬೇಕು. ಈ ಆಸೆಯಲ್ಲಿ ತಪ್ಪೇನಿಲ್ಲ. ಆದರೆ ಬೀಜ, ಎಲೆ, ಹಬೆ, ಕಂದು ಕಾಗದ ಇವು ಪ್ರತಿಯೊಂದೂ ಒಳಗಿರುವ ವಸ್ತುವಿನ ಬಗ್ಗೆ ಕೊಳ್ಳುವವರಿಗೆ ಏನನ್ನೋ ಹೇಳುತ್ತವೆ. ಹೇಳಿದ್ದು ನಿಜವೇ ಎಂಬುದನ್ನು ಅವರು ಪೊಟ್ಟಣ ಕತ್ತರಿಸಿದ ಕೂಡಲೇ ತಮ್ಮ ಕಣ್ಣಿನಿಂದಲೇ ನೋಡಬಲ್ಲರು. ದೊಡ್ಡ ಕಂಪನಿಗೆ ಜಾಹೀರಾತಿನ ಬಲವಿದೆ. ಚಿತ್ರ ಸ್ವಲ್ಪ ಆಚೀಚೆಯಾದರೂ ಅದರ ವ್ಯಾಪಾರ ನಡೆಯುತ್ತದೆ. ಸಣ್ಣ ಘಟಕಕ್ಕೆ ಇರುವ ಜಾಹೀರಾತು ಆ ಪೊಟ್ಟಣ ಒಂದೇ. ಆದ್ದರಿಂದ ಅದರ ಮೇಲಿನ ಚಿತ್ರ ಒಳಗಿನದರ ಚಿತ್ರವೇ ಆಗಿರಬೇಕು ಎಂಬುದಷ್ಟೇ ಇವತ್ತಿನ ನನ್ನ ಮಾತು.

ಮಾತು ಗಾಳಿಯಲ್ಲಿ ತೇಲದಿರಲೆಂದು ಒಂದು ಘಟಕವನ್ನು ಕಲ್ಪಿಸಿಕೊಳ್ಳೋಣ. ಸಕಲೇಶಪುರದ ಕಡೆಯದು ಎಂದಿಟ್ಟುಕೊಳ್ಳಿ. ಅದು ಮೂರು ಸರಕುಗಳನ್ನು ಮಾರುತ್ತದೆ. ಮೊದಲನೆಯದು ತಮ್ಮದೇ ತೋಟದ ಅರೇಬಿಕಾ, ಪಲ್ಪರ್‌ಗೆ ಹಾಕಿ ತೊಳೆದು ಪಾರ್ಚ್‌ಮೆಂಟ್ ಮಾಡಿದ್ದು, ಮಧ್ಯಮ ಹದಕ್ಕೆ ಹುರಿದ ಇಡೀ ಬೀಜ, 250 ಗ್ರಾಂ. ಎರಡನೆಯದು ಫಿಲ್ಟರ್ ಕಾಫಿ ಪುಡಿ, ಅರೇಬಿಕಾ ಮತ್ತು ರೋಬಸ್ಟಾ ಸೇರಿ ನೂರಕ್ಕೆ 80 ಪಾಲು, ಚಿಕೋರಿ 20 ಪಾಲು, 500 ಗ್ರಾಂ. ಮೂರನೆಯದು ನೀಲಗಿರಿ ಕಡೆಯಿಂದ ತರಿಸಿದ ಸಿಟಿಸಿ ಚಹಾ, 250 ಗ್ರಾಂ. ಈಗ ಮೂರಕ್ಕೂ ಒಂದೇ ಬಗೆಯ ಕಂದು ಪೌಚ್. ಮುಂಬದಿಯಲ್ಲಿ ಅಂತರ್ಜಾಲದಿಂದ ತೆಗೆದುಕೊಂಡ ಕಪ್ಪನೆಯ, ಮಿರಮಿರ ಮಿಂಚುವ ಬೀಜಗಳ ರಾಶಿ, ಎರಡು ಹಸಿರು ಎಲೆ, ಮೂರು ಅಲೆಗೆರೆಗಳ ಹಬೆ, ಕೆಳಗೆ ದಪ್ಪಕ್ಷರದಲ್ಲಿ ‘ನೈಸರ್ಗಿಕ’ ಎಂಬ ಮಾತು. ಇದನ್ನು ಒಂದೊಂದಾಗಿ ಬಿಚ್ಚೋಣ.

ಬೀಜದಿಂದಲೇ ಆರಂಭಿಸುತ್ತೇನೆ. ನಿಮ್ಮ ಕಣದಲ್ಲಿ ದಿನವೂ ನೋಡುವ ವಸ್ತುವಾದ್ದರಿಂದ ಇದನ್ನು ನಿಮಗೆ ಹೇಳಿಕೊಡಬೇಕಾದ್ದಿಲ್ಲ; ಆದರೆ ಪರದೆಯ ಮೇಲೆ ಚಿತ್ರ ಕಂಡಾಗ ನೀವೇ ಅದನ್ನು ಮರೆಯುವುದನ್ನು ನಾನು ನೋಡಿದ್ದೇನೆ. ಅರೇಬಿಕಾ ಬೀಜ ನೀಳವಾಗಿ, ತುಸು ಚಪ್ಪಟೆಯಾಗಿರುತ್ತದೆ. ಅದರ ನಡುಗೆರೆ ನೇರವಾಗಿರದೆ ಮೆಲ್ಲನೆ ಬಳುಕುತ್ತದೆ. ರೋಬಸ್ಟಾ ಗುಂಡಗಿದ್ದು, ನಡುಗೆರೆ ಹೆಚ್ಚುಕಡಿಮೆ ನೇರವಾಗಿ ಹೋಗುತ್ತದೆ. ಪೀಬರಿಯಂತೂ ಹಣ್ಣಿನೊಳಗೆ ಒಂಟಿಯಾಗಿ ಬೆಳೆದ ಗುಂಡುಬೀಜ, ಅದಕ್ಕೆ ಚಪ್ಪಟೆಯಾದ ಮಗ್ಗುಲೇ ಇರುವುದಿಲ್ಲ. ಈಗ ಮಾರುಕಟ್ಟೆಯಲ್ಲಿ ಸಿಗುವ ಸಿದ್ಧ ರೇಖಾಚಿತ್ರಗಳನ್ನು ನೋಡಿ: ಬಹಳಷ್ಟರಲ್ಲಿ ಒಂದು ದುಂಡನೆಯ ಅಂಡಾಕಾರ, ನಡುವೆ ಸ್ಕೇಲು ಇಟ್ಟು ಎಳೆದಂಥ ಗೆರೆ. ಪೊಟ್ಟಣದ ಮೇಲೆ ಅರೇಬಿಕಾ ಎಂದು ಬರೆದು ಪಕ್ಕದಲ್ಲಿ ರೋಬಸ್ಟಾದ ಆಕಾರ ಬರೆದರೆ ಬೆಂಗಳೂರಿನ ಸಾಮಾನ್ಯ ಗ್ರಾಹಕರು ಗುರುತಿಸಲಿಕ್ಕಿಲ್ಲ. ಆದರೆ 250 ಗ್ರಾಂ ಇಡೀ ಬೀಜವನ್ನು ಕೊಂಡು ಮನೆಯಲ್ಲಿ ಪುಡಿ ಮಾಡಿಕೊಳ್ಳುವವರು ಸಾಮಾನ್ಯ ಗ್ರಾಹಕರಲ್ಲ, ಅವರಲ್ಲಿ ಬಹಳ ಜನ ಬೀಜವನ್ನು ಕೈಗೆ ಹಾಕಿಕೊಂಡು ನೋಡುವವರೇ.

ಆಕಾರಕ್ಕಿಂತ ದೊಡ್ಡ ತೊಡಕು ಹೊಳಪಿನದು. ಕಾಫಿಯನ್ನು ಮಧ್ಯಮ ಹದಕ್ಕೆ ಹುರಿದಾಗ ಬೀಜದ ಮೈ ಒಣಗಿದಂತೆ, ಮಂಕಾಗಿ ಇರುತ್ತದೆ. ಎರಡನೆಯ ಸಿಡಿತವನ್ನು ದಾಟಿ ಕಡು ಹುರಿತಕ್ಕೆ ಹೋದಾಗ ಒಳಗಿನ ಎಣ್ಣೆ ಮೇಲಕ್ಕೆ ಬಂದು ಬೀಜ ಮಿಂಚತೊಡಗುತ್ತದೆ. ಮಧ್ಯಮ ಹದದ ಬೀಜವೂ ವಾರಗಟ್ಟಲೆ ಇಟ್ಟರೆ ಅಲ್ಲಲ್ಲಿ ಎಣ್ಣೆ ಒಸರುವುದುಂಟು. ಹಾಗಾಗಿ ಮಿಂಚುವ ಬೀಜದ ಚಿತ್ರವನ್ನು ತಿಳಿದವರು ಎರಡೇ ಬಗೆಯಲ್ಲಿ ಓದುತ್ತಾರೆ: ಇದು ಕಡು ಹುರಿತ, ಇಲ್ಲವೇ ಇದು ಹಳೆಯ ಸರಕು. ನಮ್ಮ ಕಲ್ಪನೆಯ ಘಟಕ ಮಾರುವುದು ಇವೆರಡನ್ನೂ ಅಲ್ಲ. ಛಾಯಾಗ್ರಾಹಕರಿಗೆ ಮಿಂಚು ಇಷ್ಟ, ಏಕೆಂದರೆ ದೀಪದ ಬೆಳಕು ಅದರ ಮೇಲೆ ಚುಕ್ಕೆಯಾಗಿ ನಿಂತು ಚಿತ್ರಕ್ಕೆ ಜೀವ ಬಂದಂತೆ ಕಾಣುತ್ತದೆ. ಕೆಲವು ಕಡೆ ಚಿತ್ರ ತೆಗೆಯುವ ಮೊದಲು ಬೀಜಕ್ಕೆ ಅಡುಗೆ ಎಣ್ಣೆ ಸವರುವುದೂ ಇದೆ. ಮಂಕು ಮೈಯ ಬೀಜವನ್ನು ಚೆನ್ನಾಗಿ ತೋರಿಸಬೇಕಾದರೆ ಬೆಳಕನ್ನು ಎದುರಿನಿಂದ ಬಿಡದೆ ಒಂದು ಬದಿಯಿಂದ, ತಗ್ಗಿನಲ್ಲಿ ಬಿಡಬೇಕು. ಆಗ ಮೈಮೇಲಿನ ಸುಕ್ಕು, ನಡುಗೆರೆಯ ಆಳ ಎಲ್ಲವೂ ನೆರಳಿನಿಂದ ಎದ್ದು ಕಾಣುತ್ತವೆ. ತೊಳೆದ ಅರೇಬಿಕಾದಲ್ಲಿ ಇನ್ನೊಂದು ಚೆಲುವಿದೆ: ಹುರಿದ ಮೇಲೂ ನಡುಗೆರೆಯ ಸೀಳಿನಲ್ಲಿ ತೆಳು ಸಿಪ್ಪೆ ಉಳಿದು, ಕಂದು ಮೈಯ ನಡುವೆ ಒಣಹುಲ್ಲಿನ ಬಣ್ಣದ ಒಂದು ಎಳೆ ಕಾಣುತ್ತದೆ. ಹಣ್ಣಿನ ಸಮೇತ ಒಣಗಿಸಿದ ಚೆರಿ ಕಾಫಿಯಲ್ಲಿ ಆ ಎಳೆ ಸಾಮಾನ್ಯವಾಗಿ ಕಂದಿರುತ್ತದೆ. ಸಿದ್ಧ ಚಿತ್ರಗಳಲ್ಲಿ ಇದು ಸಿಗುವುದು ಅಪರೂಪ, ನಿಮ್ಮ ಟ್ರೇಯಲ್ಲಿ ದಿನವೂ ಸಿಗುತ್ತದೆ. ಇಷ್ಟನ್ನು ಚಿತ್ರದಲ್ಲಿ ತೋರಿಸಿದರೆ ‘ಪಲ್ಪ್ ಮಾಡಿ ತೊಳೆದದ್ದು, ಮಧ್ಯಮ ಹುರಿತ’ ಎಂದು ಬರೆದ ಸಾಲಿಗೆ ಚಿತ್ರವೇ ಸಾಕ್ಷಿಯಾಗುತ್ತದೆ.

ಮಾನ್ಸೂನ್ಡ್ ಮಲಬಾರ್ ಮಾರುವವರು ಇಲ್ಲಿ ಇದ್ದರೆ ಅವರಿಗೊಂದು ಮಾತು. ಮಳೆಗಾಲದ ಕಡಲ ಗಾಳಿಗೆ ಹರಡಿಟ್ಟ ಆ ಬೀಜ ಉಬ್ಬಿಕೊಂಡು, ಹಸಿರು ಬಣ್ಣ ಕಳೆದುಕೊಂಡು, ಹುರಿಯುವ ಮೊದಲೇ ಬಂಗಾರದ ಛಾಯೆಗೆ ತಿರುಗಿರುತ್ತದೆ. ನಮ್ಮ ಕರಾವಳಿಯದಲ್ಲದೆ ಇನ್ನೆಲ್ಲೂ ಕಾಣದ ಆ ಬಣ್ಣವನ್ನು ಬಿಟ್ಟು, ಅದರ ಪೊಟ್ಟಣದ ಮೇಲೂ ಅದೇ ಕಪ್ಪು ಬೀಜವನ್ನು ಹಾಕುವುದು ನನಗೆ ಅರ್ಥವಾಗದ ಸಂಗತಿ.

ಇನ್ನು ಎಲೆ. ಕಾಫಿ ಗಿಡದ ಎಲೆ ಕೊಂಬೆಯ ಎರಡೂ ಕಡೆ ಎದುರು ಬದುರಾಗಿ ಜೋಡಿಯಾಗಿ ಬರುತ್ತದೆ, ಮೇಲ್ಮೈ ಹೊಳೆಯುತ್ತದೆ, ಅಂಚು ನೆರಿಗೆ ಹಿಡಿದಂತೆ ಅಲೆಯಲೆಯಾಗಿರುತ್ತದೆ, ಆದರೆ ಹಲ್ಲುಗಳಿರುವುದಿಲ್ಲ. ಚಹಾ ಎಲೆ ಒಂದು ಬಿಟ್ಟು ಒಂದರಂತೆ ಕಡ್ಡಿಯ ಆಚೀಚೆ ಬರುತ್ತದೆ, ಅಂಚಿಗೆ ಗರಗಸದಂಥ ಸಣ್ಣ ಹಲ್ಲುಗಳಿರುತ್ತವೆ. ನಮ್ಮ ಉದಾಹರಣೆಯ ಪೌಚಿನ ಮೇಲಿರುವ ಎರಡು ಎಲೆಗಳು ಎರಡೂ ಅಲ್ಲ. ಯಾವುದೋ ಅಲಂಕಾರದ ಗಿಡದವು. ಇಲ್ಲಿ ನನಗೆ ಹೆಚ್ಚು ಕಾಡುವುದು ಎಲೆಯ ತಪ್ಪಲ್ಲ, ಆ ಎಲೆ ಅಲ್ಲಿ ಏಕಿದೆ ಎಂಬುದು. ಕಾಫಿಯಲ್ಲಿ ನಾವು ಕುಡಿಯುವುದು ಬೀಜವನ್ನು, ಎಲೆಯನ್ನಲ್ಲ. ಎಲೆ ಅಲ್ಲಿ ಕುಳಿತಿರುವುದು ಹಸಿರು ಬೇಕೆಂಬ ಕಾರಣಕ್ಕೆ, ಹಸಿರು ಬೇಕಾದದ್ದು ‘ಪ್ರಕೃತಿ’ ಎಂದು ಸೂಚಿಸುವುದಕ್ಕೆ. ಅದರ ಬದಲು ನಿಮ್ಮ ತೋಟ ನಿಜವಾಗಿ ಹೇಗಿದೆ ಎಂಬುದನ್ನು ತೋರಿಸಿದರೆ ಅದರಲ್ಲಿ ಸಾಕಷ್ಟು ಹಸಿರು ತಾನಾಗಿ ಬರುತ್ತದೆ. ಸಿದ್ಧ ಚಿತ್ರಗಳಲ್ಲಿ ಸಿಗುವ ಕಾಫಿ ತೋಟ ಬಹಳ ಸಲ ಬ್ರೆಜಿಲ್ಲಿನದು: ಬಿಸಿಲಿಗೆ ಮೈಯೊಡ್ಡಿದ ಬೋಳು ಗುಡ್ಡ, ಅದರ ಮೇಲೆ ಬಾಚಿದಂತೆ ಸಾಲು ಸಾಲು ಗಿಡ. ಮಲೆನಾಡಿನ ಕಾಫಿ ನೆರಳಿನಲ್ಲಿ ಬೆಳೆಯುತ್ತದೆ. ಮೇಲೆ ಸಿಲ್ವರ್ ಓಕ್, ಅತ್ತಿ, ಹಲಸು. ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ಹಾಲುವಾಣದ ಕೆಳಗೆ ಗಿಡದ ಗೆಣ್ಣುಗಳಲ್ಲಿ ಗೊಂಚಲಾಗಿ ಅಂಟಿಕೊಂಡ ಹಣ್ಣು. ಆ ಗೊಂಚಲಿನಲ್ಲಿ ಎಲ್ಲ ಹಣ್ಣೂ ಒಟ್ಟಿಗೆ ಕೆಂಪಾಗಿರುವುದಿಲ್ಲ, ಒಂದಿಷ್ಟು ಹಸಿರು, ಒಂದಿಷ್ಟು ಹಳದಿ ಇದ್ದೇ ಇರುತ್ತವೆ. ಅದನ್ನು ಹಾಗೆಯೇ ಬರೆದರೆ, ಹಣ್ಣಾದದ್ದನ್ನಷ್ಟೇ ಆರಿಸಿ ಕೊಯ್ಯುತ್ತೇವೆ ಎಂಬ ನಿಮ್ಮ ಮಾತಿಗೂ ಅರ್ಥ ಬರುತ್ತದೆ.

ಊರಿನ ಹೆಸರನ್ನು ಚಿತ್ರದ ಜೊತೆಗೆ ಬಳಸುವವರು ಒಂದು ವಿಷಯವನ್ನು ಗಮನದಲ್ಲಿಡಬೇಕು. 2019ರಲ್ಲಿ ಕೊಡಗು ಅರೇಬಿಕಾ, ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾ, ವಯನಾಡು ರೋಬಸ್ಟಾ, ಅರಕು ಕಣಿವೆ ಅರೇಬಿಕಾ ಈ ಐದಕ್ಕೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. ಆ ಹೆಸರನ್ನು ಸೂಚಕವಾಗಿ ಬಳಸಬೇಕಾದರೆ ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಂಡಿರಬೇಕು. ಸಕಲೇಶಪುರದ ನಮ್ಮ ಘಟಕ ತನ್ನ ಬೀಜದ ಪೊಟ್ಟಣಕ್ಕೆ ಬಾಬಾಬುಡನ್‌ಗಿರಿಯ ಬೆಟ್ಟಸಾಲಿನ ಚಿತ್ರವನ್ನು ಹಾಕಬೇಕೆಂದು ಬಯಸಿತು ಎಂದುಕೊಳ್ಳಿ. ಹೆಸರು ಬರೆಯದಿದ್ದರೂ ಚಿತ್ರ ಆ ಊರನ್ನೇ ಹೇಳುತ್ತದೆ, ಸರಕು ಅಲ್ಲಿಯದಲ್ಲ. ನಾನು ಅದನ್ನು ಮಾಡಿಕೊಡುವುದಿಲ್ಲ.

ಹಬೆಯ ವಿಷಯಕ್ಕೆ ಬರೋಣ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಹಬೆಗೆ ಪೊಟ್ಟಣದ ಮೇಲೆ ಜಾಗವಿಲ್ಲ, ಅಂಗಡಿಯ ಫಲಕದಲ್ಲಿ, ಫೋನಿನಲ್ಲಿ ಹಂಚುವ ಚಿತ್ರಗಳಲ್ಲಿ ಜಾಗವಿದೆ. ಮೂರು ಅಲೆಗೆರೆ ಎಳೆದರೆ ಬಿಸಿಯಾದ ಯಾವುದೋ ಒಂದು ವಸ್ತು ಎಂದಷ್ಟೇ ತಿಳಿಯುತ್ತದೆ. ಅದು ಸೂಪೂ ಆಗಬಹುದು, ಬಿಸಿನೀರಿನ ಗೀಸರೂ ಆಗಬಹುದು. ಪೊಟ್ಟಣದಲ್ಲಿ ಹಬೆಯ ಕೆಲಸವನ್ನು ಮಾಡುವ ಬೇರೊಂದು ಸಾಧನ ಈಗಾಗಲೇ ಇದೆ, ಅದೇ ವಾಲ್ವ್. ಹುರಿದ ಬೀಜ ದಿನಗಟ್ಟಲೆ ಇಂಗಾಲದ ಡೈಆಕ್ಸೈಡನ್ನು ಹೊರಬಿಡುತ್ತಲೇ ಇರುತ್ತದೆ. ಹುರಿದ ಕೂಡಲೇ ಗಾಳಿಯಾಡದ ಪೌಚಿಗೆ ತುಂಬಿ ಬೆಸೆದರೆ ಪೌಚ್ ಉಬ್ಬಿಕೊಳ್ಳುತ್ತದೆ, ಕೆಲವೊಮ್ಮೆ ಬೆಸುಗೆ ಬಿಟ್ಟುಕೊಳ್ಳುತ್ತದೆ. ಒಳಗಿನ ಅನಿಲವನ್ನು ಹೊರಗೆ ಬಿಟ್ಟು ಹೊರಗಿನ ಗಾಳಿಯನ್ನು ಒಳಗೆ ಬಿಡದ ಏಕಮುಖ ವಾಲ್ವ್ ಇರುವುದು ಅದಕ್ಕಾಗಿ. ಅಂಗಡಿಗೆ ಬಂದವರು ಏನು ಮಾಡುತ್ತಾರೆಂದು ಗಮನಿಸಿ: ಪೊಟ್ಟಣವನ್ನು ಮೆಲ್ಲನೆ ಹಿಸುಕಿ ವಾಲ್ವಿನ ಬಳಿ ಮೂಗಿಡುತ್ತಾರೆ. ಎಳೆದ ಹಬೆ ಕೊಡಲಾಗದ್ದನ್ನು ಆ ತೂತು ಕೊಡುತ್ತದೆ. ವಿನ್ಯಾಸದಲ್ಲಿ ಮಾಡಬೇಕಾದದ್ದು ಇಷ್ಟೇ, ವಾಲ್ವ್ ಬರುವ ಜಾಗವನ್ನು ಪೌಚ್ ತಯಾರಕರಿಂದ ಮೊದಲೇ ಅಳತೆಯ ಸಮೇತ ಕೇಳಿ ಪಡೆದು, ಅದರ ಸುತ್ತ ಖಾಲಿ ಬಿಡುವುದು. ಇಲ್ಲವಾದರೆ ಹೆಸರಿನ ಒಂದು ಅಕ್ಷರದ ನಡುವೆಯೋ, ಚಿತ್ರದಲ್ಲಿರುವ ಹೆಂಗಸಿನ ಮುಖದ ಮೇಲೆಯೋ ಅದು ಬಂದು ಕೂರುತ್ತದೆ. ನಮ್ಮ ಎರಡನೆಯ ಸರಕಾದ ಪುಡಿಯ ವಿಷಯ ಬೇರೆ. ಪುಡಿ ಮಾಡಿದಾಗ ಅನಿಲ ಬಹುಬೇಗ ಹೊರಟುಹೋಗುವುದರಿಂದ, ಸ್ವಲ್ಪ ಹೊತ್ತು ಬಿಟ್ಟು ತುಂಬಿದರೆ ವಾಲ್ವ್ ಇಲ್ಲದೆಯೂ ನಡೆಯುತ್ತದೆ. ಪರಿಮಳವೂ ಅಷ್ಟೇ ಬೇಗ ಹೊರಡುವುದರಿಂದ ಹೆಚ್ಚು ಹೊತ್ತು ಬಿಡುವಂತಿಲ್ಲ.

ಹಾಗಾದರೆ ಹಬೆಯ ಛಾಯಾಚಿತ್ರವನ್ನು ತೆಗೆಯುವುದು ಹೇಗೆ ಎಂದು ನಿಮ್ಮಲ್ಲಿ ಕೆಲವರು ಚೀಟಿ ಕಳಿಸಿದ್ದೀರಿ, ಅದನ್ನು ಇಲ್ಲಿಯೇ ಹೇಳುತ್ತೇನೆ. ನೀರಿನ ಆವಿ ಕಣ್ಣಿಗೆ ಕಾಣುವುದಿಲ್ಲ. ಆವಿ ತಂಪು ಗಾಳಿಗೆ ತಾಗಿ ಅತಿ ಸಣ್ಣ ಹನಿಗಳಾದಾಗ ನಾವು ಹಬೆಯನ್ನು ನೋಡುತ್ತೇವೆ. ಆದ್ದರಿಂದ ಏಪ್ರಿಲ್ ತಿಂಗಳ ಮಧ್ಯಾಹ್ನ ಬಯಲುಸೀಮೆಯ ಮನೆಯಲ್ಲಿ ಎಷ್ಟು ಬಿಸಿ ಕಾಫಿ ಇಟ್ಟರೂ ಹಬೆ ಸರಿಯಾಗಿ ಕಾಣುವುದಿಲ್ಲ. ಡಿಸೆಂಬರಿನ ಬೆಳಿಗ್ಗೆ ಮಲೆನಾಡಿನ ಜಗುಲಿಯಲ್ಲಿ ತಾನೇ ತಾನಾಗಿ ಕಾಣುತ್ತದೆ. ಎರಡನೆಯದಾಗಿ, ಆ ಹನಿಗಳು ಬೆಳಕನ್ನು ಹೆಚ್ಚಾಗಿ ಮುಂದಕ್ಕೆ ಚೆಲ್ಲುತ್ತವೆ. ಕಿಟಕಿ ನಿಮ್ಮ ಬೆನ್ನ ಹಿಂದೆ ಇದ್ದರೆ ಹಬೆ ಮಾಯವಾಗುತ್ತದೆ. ಕಿಟಕಿ ಲೋಟದ ಹಿಂದೆ, ಸ್ವಲ್ಪ ಓರೆಯಾಗಿರಬೇಕು. ಲೋಟದ ನೇರ ಹಿಂದೆ ಕಪ್ಪು ಬಟ್ಟೆಯನ್ನೋ ಕತ್ತಲ ಬಾಗಿಲನ್ನೋ ಇಟ್ಟುಕೊಳ್ಳಬೇಕು. ಚೌಕಟ್ಟು, ಫೋಕಸ್ ಎಲ್ಲವನ್ನೂ ಖಾಲಿ ಲೋಟ ಇಟ್ಟು ಮೊದಲೇ ಹೊಂದಿಸಿಕೊಂಡು, ಕಾಫಿಯನ್ನು ಕೊನೆಗೆ ಹೊಯ್ಯಬೇಕು. ಏಕೆಂದರೆ ಫಿಲ್ಟರ್ ಕಾಫಿಗೆ ಇರುವ ಸಮಯ ಬಹಳ ಕಡಿಮೆ: ಸ್ಟೀಲ್ ಲೋಟ ಬಿಸಿಯನ್ನು ಬೇಗ ಬಿಟ್ಟುಕೊಡುತ್ತದೆ, ನೊರೆ ಒಡೆಯುತ್ತದೆ, ಅದಕ್ಕಿಂತ ಮೊದಲೇ ಹಾಲಿನ ಕೆನೆ ಸುಕ್ಕುಗಟ್ಟಿ ಮೇಲ್ಮೈಯನ್ನು ಕೆಡಿಸುತ್ತದೆ. ಡಿಕಾಕ್ಷನ್ ನಿಧಾನವಾಗಿ ಇಳಿಯುವುದರಿಂದ ಅದು ಆಗಲೇ ಆರಿರುತ್ತದೆ, ಬಿಸಿ ಬರುವುದು ಹಾಲಿನಿಂದ. ಹಾಗಾಗಿ ಹಾಲು ಉಕ್ಕುವ ಹೊತ್ತಿಗೆ ಕ್ಯಾಮೆರಾ ಸಿದ್ಧವಿರಬೇಕು. ವೃತ್ತಿಯವರು ನೊರೆ ನಿಲ್ಲಲೆಂದು ಸೋಪು ಬೆರೆಸುವುದು, ಲೋಟದ ಹಿಂದೆ ಬಿಸಿನೀರಿನಲ್ಲಿ ಅದ್ದಿದ ಹತ್ತಿಯುಂಡೆ ಇಟ್ಟು ಹಬೆ ಬರಿಸುವುದು ಎಲ್ಲ ಉಂಟು. ಹತ್ತಿಯುಂಡೆಗೆ ನನ್ನ ತಕರಾರಿಲ್ಲ, ಹಬೆ ಹಬೆಯೇ. ಸೋಪಿನ ನೊರೆ ಮಾತ್ರ ಹಾಲಿನ ನೊರೆಯಂತೆ ಕಾಣುವುದಿಲ್ಲ; ಗುಳ್ಳೆಗಳು ದೊಡ್ಡದಾಗಿ, ಬಣ್ಣಬಣ್ಣವಾಗಿ ಮಿಂಚುತ್ತವೆ, ದಿನಕ್ಕೆರಡು ಸಲ ಕಾಫಿ ಕುಡಿಯುವ ಯಾರನ್ನೂ ಅದು ನಂಬಿಸುವುದಿಲ್ಲ.

ಈಗ ಕಂದು ಕಾಗದ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು, ಏಕೆಂದರೆ ಹಣ ಹಾಳಾಗುವುದು ಹೆಚ್ಚಾಗಿ ಇಲ್ಲಿಯೇ. ಬೆಂಗಳೂರಿನ ಗಾಂಧಿಬಜಾರು, ಮಲ್ಲೇಶ್ವರದ ಹಳೆಯ ಕಾಫಿ ಪುಡಿ ಅಂಗಡಿಗಳನ್ನು ನೆನೆಸಿಕೊಳ್ಳಿ. ಕಣ್ಣೆದುರಿಗೇ ಪುಡಿ ಮಾಡಿ, ಬಿಸಿ ಆರುವ ಮೊದಲೇ ಕಾಗದದ ಪೊಟ್ಟಣಕ್ಕೆ ತುಂಬಿ ಕೊಡುತ್ತಿದ್ದರು. ಆ ಪೊಟ್ಟಣಕ್ಕೆ ಚಿತ್ರದ ಹಂಗಿರಲಿಲ್ಲ. ಬೀದಿಗೆಲ್ಲ ಹರಡುತ್ತಿದ್ದ ವಾಸನೆಯೇ ಅದರ ಗುರುತು. ಮನೆಯವರು ವಾರದೊಳಗೆ ಮುಗಿಸುತ್ತಿದ್ದರು, ಆದ್ದರಿಂದ ಕಾಗದ ಸಾಕಾಗುತ್ತಿತ್ತು. ನೀವು ಮಾರಲು ಹೊರಟಿರುವುದು ಕೊರಿಯರಿನಲ್ಲಿ ಹೋಗಿ, ಅಂಗಡಿಯ ಕಪಾಟಿನಲ್ಲಿ ಕುಳಿತು, ತಿಂಗಳ ಮೇಲೆ ಬಳಕೆಯಾಗುವ ಪೊಟ್ಟಣ. ಬರಿಯ ಕ್ರಾಫ್ಟ್ ಕಾಗದ ಆಮ್ಲಜನಕವನ್ನೂ ತೇವವನ್ನೂ ತಡೆಯುವುದಿಲ್ಲ. ಕಡು ಹುರಿತದ ಬೀಜವಾದರೆ ಕೆಲವೇ ದಿನಗಳಲ್ಲಿ ಹೊರಗಡೆ ಎಣ್ಣೆಯ ಕಲೆ ಮೂಡುತ್ತದೆ. ಅದಕ್ಕಾಗಿಯೇ ಮಾರುಕಟ್ಟೆಯ ‘ಕ್ರಾಫ್ಟ್ ಪೌಚ್’ ಎಂಬುದು ಹೊರಗೆ ಕಾಗದ, ನಡುವೆ ಅಲ್ಯೂಮಿನಿಯಂ ಹಾಳೆ ಅಥವಾ ಲೋಹ ಲೇಪಿಸಿದ ಫಿಲ್ಮ್, ಒಳಗೆ ಬೆಸೆಯಲು ಬರುವ ಪಾಲಿಥಿನ್, ಹೀಗೆ ಅಂಟಿಸಿದ ಪದರಗಳ ಚೀಲವಾಗಿರುತ್ತದೆ. ಅನುಮಾನವಿದ್ದರೆ ಒಂದು ಮೂಲೆಯನ್ನು ಹರಿದು ನೋಡಿ: ಕಾಗದ ನಾರು ನಾರಾಗಿ ಹರಿಯುತ್ತದೆ, ಅದರ ಒಳಗಿನದು ಹರಿಯದೆ ಜಗ್ಗುತ್ತದೆ. ಕಾಫಿಯನ್ನು ಕಾಪಾಡಲು ಇದು ಒಳ್ಳೆಯ ಚೀಲವೇ. ಆದರೆ ಪದರಗಳನ್ನು ಬೇರ್ಪಡಿಸಲಾಗದ ಕಾರಣ ಇದು ಕಾಗದದ ಮರುಬಳಕೆಗೂ ಹೋಗುವುದಿಲ್ಲ, ಪ್ಲಾಸ್ಟಿಕ್ಕಿನ ಮರುಬಳಕೆಗೂ ಸುಲಭವಾಗಿ ಹೋಗುವುದಿಲ್ಲ. ಮಣ್ಣಿನ ಬಣ್ಣ ಇದೆಯೆಂದು ಅದು ಮಣ್ಣಿನಲ್ಲಿ ಕರಗುವುದಿಲ್ಲ.

ಹಾಗೆಂದು ಕಂದು ಬಣ್ಣವನ್ನೇ ಬಿಡಬೇಕೆಂದು ನಾನು ಹೇಳುತ್ತಿಲ್ಲ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2024ರ ಅಕ್ಟೋಬರಿನಲ್ಲಿ ಪರಿಸರದ ಹೆಸರಿನ ಸುಳ್ಳು ಹೇಳಿಕೆಗಳನ್ನು ತಡೆಯಲು ಮಾರ್ಗಸೂಚಿಯನ್ನು ಹೊರಡಿಸಿದೆ. ಅದರಲ್ಲಿ ಮಾತುಗಳ ಜೊತೆಗೆ ಚಿಹ್ನೆ ಮತ್ತು ಚಿತ್ರಗಳೂ ಸೇರಿವೆ. ವಂಚನೆಗೆ ಎಡೆಮಾಡದ ಸಾಮಾನ್ಯ ಬಣ್ಣ ಮತ್ತು ಚಿತ್ರಗಳನ್ನು ಮಾತ್ರ ಹೊರಗಿಟ್ಟಿದ್ದಾರೆ. ಅಂದರೆ ನಮ್ಮ ಘಟಕದ ಪೌಚ್ ಕಂದಾಗಿರುವುದರಿಂದ ಯಾವ ತೊಂದರೆಯೂ ಇಲ್ಲ. ಅದೇ ಪದರದ ಪೌಚಿನ ಮೇಲೆ ಹಸಿರು ಎಲೆ ಬರೆದು, ಪಕ್ಕದಲ್ಲಿ ‘ಪರಿಸರಸ್ನೇಹಿ’ ಎಂದು ಸೇರಿಸಿದರೆ ಪುರಾವೆ ಕೊಡಬೇಕಾದ ಹೇಳಿಕೆಯಾಗುತ್ತದೆ, ಪುರಾವೆ ನಿಮ್ಮಲ್ಲಿರುವುದಿಲ್ಲ. ‘ನೈಸರ್ಗಿಕ’ ಎಂಬ ಮಾತಿಗೂ ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ಜಾಹೀರಾತು ಮತ್ತು ಹೇಳಿಕೆಗಳ ನಿಯಮಗಳಲ್ಲಿ ಷರತ್ತುಗಳಿವೆ. ಚಿಕೋರಿ ಬೆರೆಸಿದ ಪುಡಿಯ ಮೇಲೆ ಅದನ್ನು ಬರೆಯುವ ಧೈರ್ಯವನ್ನು ನಾನಂತೂ ಮಾಡುವುದಿಲ್ಲ.

ಮುದ್ರಣದ ತೊಡಕುಗಳು ಇನ್ನೂ ನೇರವಾದವು. ಬಿಳಿ ಕಾಗದದ ಮೇಲೆ ಶಾಯಿ ತನ್ನ ಬಣ್ಣವನ್ನು ತೋರಿಸುತ್ತದೆ; ಕಂದು ಕಾಗದದ ಮೇಲೆ ಪ್ರತಿ ಬಣ್ಣವೂ ಕಂದಿನ ಜೊತೆ ಕೂಡಿಕೊಳ್ಳುತ್ತದೆ. ಹಳದಿ ಮಾಸುತ್ತದೆ, ಹಸಿರು ಪಾಚಿಯಂತಾಗುತ್ತದೆ, ಹುರಿದ ಬೀಜದ ನಸುಗಂದು ಹಿನ್ನೆಲೆಯಲ್ಲಿ ಮುಳುಗಿಯೇ ಹೋಗುತ್ತದೆ. ಬಿಳಿ ಬೇಕಾದರೆ ಬಿಳಿ ಶಾಯಿಯನ್ನೇ ಅಡಿಗೆ ಹಾಕಬೇಕು, ಅದಕ್ಕೆ ಬೇರೆ ಖರ್ಚು. ಇದರ ಮೊದಲ ಬಲಿ ಸಸ್ಯಾಹಾರದ ಗುರುತು. ಹಸಿರು ಚೌಕದೊಳಗಿನ ಹಸಿರು ಚುಕ್ಕೆ ಹಿನ್ನೆಲೆಯಿಂದ ಸ್ಪಷ್ಟವಾಗಿ ಬೇರೆಯಾಗಿ ಕಾಣಬೇಕೆಂದು ನಿಯಮವಿದೆ, ಕಂದಿನ ಮೇಲೆ ನೇರವಾಗಿ ಹೊಡೆದರೆ ಅದು ಒಣಗಿದ ಎಲೆಯ ಬಣ್ಣಕ್ಕೆ ಬರುತ್ತದೆ. ಎರಡನೆಯ ಬಲಿ ಬಾರ್‌ಕೋಡ್. ‘ಎಲ್ಲವೂ ಕಾಫಿ ಬಣ್ಣದಲ್ಲಿರಲಿ’ ಎಂದು ಬಾರ್‌ಕೋಡನ್ನೂ ಕಂದು ಶಾಯಿಯಲ್ಲಿ ಹಾಕಿಸುವವರಿದ್ದಾರೆ. ಅಂಗಡಿಯ ಲೇಸರ್ ಸ್ಕ್ಯಾನರ್ ಕೆಂಪು ಬೆಳಕಿನಲ್ಲಿ ಓದುತ್ತದೆ. ಕಂದು ಶಾಯಿ ಆ ಕೆಂಪನ್ನು ಹಿಂದಕ್ಕೆ ಕಳಿಸುವುದರಿಂದ ಗೆರೆಗಳು ಯಂತ್ರಕ್ಕೆ ಕಾಣುವುದೇ ಇಲ್ಲ. ಬಿಳಿ ಚೌಕದ ಮೇಲೆ ಕಪ್ಪು ಗೆರೆ, ಇದರಲ್ಲಿ ರಾಜಿ ಬೇಡ.

ಈ ಎರಡನ್ನೂ ಒಂದೇ ಏಟಿಗೆ ಬಗೆಹರಿಸುವ ದಾರಿ ಸಣ್ಣ ಘಟಕಕ್ಕೆ ಇದೆ. ಗ್ರಾವ್ಯೂರ್ ಮುದ್ರಣದಲ್ಲಿ ಪ್ರತಿ ಬಣ್ಣಕ್ಕೂ ಒಂದೊಂದು ಸಿಲಿಂಡರ್ ಕೆತ್ತಿಸಬೇಕು, ಆ ಖರ್ಚು ಹುಟ್ಟಬೇಕಾದರೆ ಸಾವಿರಾರು ಪೌಚುಗಳನ್ನು ಒಟ್ಟಿಗೆ ಮಾಡಿಸಬೇಕು, ಆಮೇಲೆ ಬೆಲೆಯೋ ಮಿಶ್ರಣವೋ ಬದಲಾದರೆ ಅಷ್ಟೂ ಗುಜರಿಗೆ ಹೋಗುತ್ತವೆ. ಅದರ ಬದಲು ಏನೂ ಮುದ್ರಿಸದ ಸಿದ್ಧ ಪೌಚ್ ತಂದು, ಬಿಳಿ ಕಾಗದದ ಲೇಬಲ್ ಮುದ್ರಿಸಿ ಅಂಟಿಸುವುದು. ಚಿತ್ರ, ಸಸ್ಯಾಹಾರದ ಗುರುತು, ಬಾರ್‌ಕೋಡ್ ಎಲ್ಲವೂ ಬಿಳಿಯ ಮೇಲೆ ಬರುತ್ತವೆ; ಕಂದು ಬಣ್ಣ ಚೀಲದಲ್ಲಿ ತನ್ನ ಪಾಡಿಗೆ ಇರುತ್ತದೆ. ಹುರಿದ ದಿನಾಂಕಕ್ಕೆ ಲೇಬಲ್ಲಿನಲ್ಲಿ ಖಾಲಿ ಚೌಕ ಬಿಟ್ಟು ಮೊಹರು ಹಾಕಬಹುದು.

ಇಷ್ಟು ನೋಡಿದ ಮೇಲೆ ನಮ್ಮ ಘಟಕದ ಮೂರು ಲೇಬಲ್‌ಗಳನ್ನು ಮತ್ತೆ ಬರೆಯೋಣ. ಕಪಾಟಿನಲ್ಲಿ ಎಲ್ಲ ಸಣ್ಣ ಬ್ರ್ಯಾಂಡುಗಳೂ ಕಂದಾಗಿಯೇ ನಿಂತಿರುವುದರಿಂದ ಬಣ್ಣವನ್ನು ಕಾಫಿಯ ಬೇರೆ ಹಂತಗಳಿಂದ ಎತ್ತಿಕೊಳ್ಳುವುದು ನನ್ನ ರೂಢಿ. ಹಣ್ಣಿನ ಕೆಂಪು, ಪಾರ್ಚ್‌ಮೆಂಟಿನ ಹುಲ್ಲುಬಣ್ಣ, ಹಸಿ ಬೀಜದ ನೀಲಿ ಬೆರೆತ ಬೂದುಹಸಿರು, ಇವು ಯಾವುವೂ ಹುರಿದ ಬೀಜದಷ್ಟು ಸವೆದಿಲ್ಲ. ಅರೇಬಿಕಾ ಬೀಜದ ಲೇಬಲ್ಲಿಗೆ ಹಸಿ ಬೀಜದ ಬೂದುಹಸಿರು ಹಿನ್ನೆಲೆ. ಅದರ ಮೇಲೆ ರಾಶಿ ಬೇಡ, ಒಂದೇ ಬೀಜ, ದೊಡ್ಡದಾಗಿ, ಬಳುಕುವ ನಡುಗೆರೆಯೂ ಸೀಳಿನ ಸಿಪ್ಪೆಯ ಎಳೆಯೂ ಕಾಣುವ ಹಾಗೆ.

ಪುಡಿಯ ಲೇಬಲ್ಲಿನಲ್ಲಿ ಇಡೀ ಬೀಜವನ್ನು ಹಾಕುವುದಿಲ್ಲ, ಏಕೆಂದರೆ ಒಳಗೆ ಇಡೀ ಬೀಜವಿಲ್ಲ. ಚಿಕೋರಿ ಮಿಶ್ರಣದಲ್ಲಿ ಕಾಫಿಯ ಪ್ರಮಾಣ ಶೇ. 51ಕ್ಕಿಂತ ಕಡಿಮೆ ಇರಬಾರದು, ಕಾಫಿ ಎಷ್ಟು ಚಿಕೋರಿ ಎಷ್ಟು ಎಂಬುದನ್ನು ಲೇಬಲ್ಲಿನಲ್ಲಿ ಹೇಳಲೇಬೇಕು. ಬಹುತೇಕ ಕಂಪನಿಗಳು ಈ ಸಾಲನ್ನು ಆದಷ್ಟು ಚಿಕ್ಕದಾಗಿಸಿ ಬೀಜಗಳ ರಾಶಿಯನ್ನು ಆದಷ್ಟು ದೊಡ್ಡದಾಗಿಸುತ್ತವೆ. ನಾನು ಆ ಸಾಲನ್ನೇ ಚಿತ್ರವಾಗಿಸುತ್ತೇನೆ: ನಿಂತ ಫಿಲ್ಟರಿನ ರೇಖಾಚಿತ್ರ, ಅದರ ಮೇಲಿನ ಪಾತ್ರೆಯನ್ನು ಐದು ಪಾಲು ಮಾಡಿ ನಾಲ್ಕಕ್ಕೆ ಕಡುಗಂದು, ಒಂದಕ್ಕೆ ತಿಳಿ ಬಣ್ಣ, ಪಕ್ಕದಲ್ಲಿ 80 ಮತ್ತು 20. ನಿಯಮ ಕೇಳುವ ಪೂರ್ಣ ವಾಕ್ಯ ಕೆಳಗೆ ಹೇಗಿರಬೇಕೋ ಹಾಗೆಯೇ ಇರುತ್ತದೆ. ನಮ್ಮಲ್ಲಿ ಚಿಕೋರಿ ನಾಚಿಕೆಯ ವಿಷಯವಲ್ಲ. ಗಟ್ಟಿ ಡಿಕಾಕ್ಷನ್ ಬೇಕೆಂದು ಕೇಳಿ ಹಾಕಿಸಿಕೊಳ್ಳುವವರೇ ಹೆಚ್ಚು, ಅವರು ಮೊದಲು ನೋಡುವುದೂ ಆ ಅಂಕಿಯನ್ನೇ.

ಚಹಾದ ಲೇಬಲ್ ಎಲ್ಲಕ್ಕಿಂತ ಕಷ್ಟದ್ದು. ‘ಎರಡೆಲೆ ಒಂದು ಕುಡಿ’ ಚಹಾಕ್ಕೆ ಗುರುತಾಗಿ ನಿಂತುಬಿಟ್ಟಿದೆ. ಆದರೆ ಸಿಟಿಸಿ ಎಂದರೆ ಹಲ್ಲಿನ ಉರುಳೆಗಳ ನಡುವೆ ಎಲೆಯನ್ನು ಜಜ್ಜಿ, ಹರಿದು, ಸುರುಳಿಸಿ ಕಾಳು ಮಾಡಿದ ಚಹಾ. ಅಸ್ಸಾಮಿನಲ್ಲಿ 1930ರ ಸುಮಾರಿಗೆ ಆರಂಭವಾದ ಈ ವಿಧಾನದಿಂದಲೇ ನಮ್ಮ ದೇಶದ ಬಹುಪಾಲು ಚಹಾ ತಯಾರಾಗುತ್ತದೆ. ಪೊಟ್ಟಣ ಬಿಡಿಸಿದರೆ ಸಿಗುವುದು ಕಪ್ಪುಗಂದು ಕಾಳು, ಎಲೆಯ ರೂಪ ಎಲ್ಲಿಯೂ ಉಳಿದಿರುವುದಿಲ್ಲ. ಇಡೀ ಎಲೆ ಹೊಸೆದ ಆರ್ಥೊಡಾಕ್ಸ್ ಚಹಾ ಮಾರುವವರು ಎಲೆಯನ್ನು ತೋರಿಸಲಿ, ಅದಕ್ಕೆ ಅವರು ಬೆಲೆಯನ್ನೂ ಹಾಗೆಯೇ ಕೇಳುತ್ತಾರೆ; ‘ನೀಲಗಿರಿ ಆರ್ಥೊಡಾಕ್ಸ್’ ಭೌಗೋಳಿಕ ಸೂಚಕವೂ ಆ ಬಗೆಯ ಚಹಾದ್ದೇ. ಸಿಟಿಸಿಯ ಬಲ ಇರುವುದು ಹಾಲು ಬೆರೆತ ಮೇಲೂ ಉಳಿಯುವ ಕೆಂಪಿನಲ್ಲಿ. ಆದ್ದರಿಂದ ಗಾಜಿನ ಲೋಟದಲ್ಲಿರುವ ಚಹಾದ ಬಣ್ಣವೇ ಲೇಬಲ್ಲಿನ ತುಂಬ ಬರಲಿ, ಅದರ ತಳದಲ್ಲಿ ಒಂದು ಸಾಲು ಕಾಳು. ಆ ಬಣ್ಣವನ್ನು ಊಹೆಯಿಂದ ಆರಿಸಬಾರದು: ಮನೆಯಲ್ಲಿ ಕುದಿಸುವ ರೀತಿಯಲ್ಲೇ ಕುದಿಸಿ, ಹಾಲು ಬೆರೆಸಿ, ಬಿಳಿ ಕಾಗದದ ಪಕ್ಕದಲ್ಲಿಟ್ಟು ಹಗಲು ಬೆಳಕಿನಲ್ಲಿ ಚಿತ್ರ ತೆಗೆದು, ಆಮೇಲೆ ಮುದ್ರಕರ ಬಣ್ಣದ ಪಟ್ಟಿಯಲ್ಲಿ ಹತ್ತಿರದ್ದನ್ನು ಹುಡುಕಬೇಕು.

ಚಹಾದ ಜೊತೆಗೆ ಚಿತ್ರಕ್ಕೆ ಸಂಬಂಧಿಸದ ಒಂದು ಎಚ್ಚರಿಕೆಯೂ ಇದೆ. ಚಹಾ ಸುತ್ತಲಿನ ವಾಸನೆಯನ್ನು ಬಹುಬೇಗ ಹೀರಿಕೊಳ್ಳುತ್ತದೆ. ಹುರಿಯುವ ಯಂತ್ರ ಇರುವ ಕೋಣೆಯಲ್ಲೇ ಅದನ್ನು ತೂಗಿ ತುಂಬಿದರೆ ಲೇಬಲ್ಲಿನಲ್ಲಿ ಎಷ್ಟೇ ಒಳ್ಳೆಯ ಚಹಾದ ಬಣ್ಣ ಇದ್ದರೂ ಲೋಟದಲ್ಲಿ ಕಾಫಿಯ ವಾಸನೆ ಬರುತ್ತದೆ. ಬೇರೆ ಕೋಣೆ, ಬೇರೆ ತಕ್ಕಡಿ, ಬೇರೆ ಮೊರ ಇರಲಿ.

ಕೊನೆಯದಾಗಿ ಮುದ್ರಣಕ್ಕೆ ಕೊಡುವ ಮುನ್ನ ಮಾಡಬೇಕಾದ ಪರೀಕ್ಷೆ. ಕಂಪ್ಯೂಟರ್ ಪರದೆಯ ಬಣ್ಣ ಒಳಗಿನಿಂದ ಬೆಳಗುವುದು, ಅದನ್ನು ನೋಡಿ ಒಪ್ಪಿಗೆ ಕೊಡಬೇಡಿ. ನೀವು ಬಳಸುವ ಅದೇ ಲೇಬಲ್ ಕಾಗದದ ಮೇಲೆ ಒಂದು ಮಾದರಿ ಮುದ್ರಿಸಿ ಕೊಡಲು ಕೇಳಿ, ಅದನ್ನು ಕತ್ತರಿಸಿ ಭರ್ತಿ ಮಾಡಿದ ಪೌಚಿಗೆ ಅಂಟಿಸಿ. ಖಾಲಿ ಪೌಚಿನ ಮೇಲೆ ಚಪ್ಪಟೆಯಾಗಿ ಕೂರುವ ಲೇಬಲ್ ತುಂಬಿದ ಪೌಚಿನ ಉಬ್ಬಿನ ಮೇಲೆ ಸುಕ್ಕುಗಟ್ಟಬಹುದು, ಅಂಚು ಏಳಬಹುದು. ಹಾಗಾದರೆ ಲೇಬಲ್ಲಿನ ಅಗಲವನ್ನು ಸ್ವಲ್ಪ ಕಡಿಮೆ ಮಾಡಬೇಕಾಗುತ್ತದೆ. ವಾಲ್ವನ್ನು ಅದು ಮುಚ್ಚದಿರುವುದನ್ನು ನೋಡಿಕೊಳ್ಳಿ. ಅದನ್ನು ಪರಿಚಯದ ಅಂಗಡಿಗೆ ಒಯ್ದು ಬಾರ್‌ಕೋಡನ್ನು ಅಲ್ಲಿನ ಸ್ಕ್ಯಾನರಿಗೆ ತೋರಿಸಿ, ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಕಪಾಟಿನಲ್ಲಿಟ್ಟು ನಾಲ್ಕು ಹೆಜ್ಜೆ ಹಿಂದೆ ನಿಂತು ನೋಡಿ. ಈಗಾಗಲೇ ಮುದ್ರಿಸಿದ ಹಳೆಯ ಪೌಚುಗಳು ಗೋದಾಮಿನಲ್ಲಿ ಉಳಿದಿದ್ದರೆ ಅವುಗಳನ್ನು ಎಸೆಯಬೇಕಾಗಿಲ್ಲ. ಹೊಸ ಲೇಬಲ್ಲನ್ನು ಹಳೆಯ ಬೀಜದ ರಾಶಿ, ಎಲೆ, ಹಬೆ ಮತ್ತು ‘ನೈಸರ್ಗಿಕ’ ಎಂಬ ಪದ ಮುಚ್ಚುವಷ್ಟು ಎತ್ತರ ಮಾಡಿಸಿ, ಅಡಿಯ ಚಿತ್ರ ಮಸುಕಾಗಿಯೂ ಕಾಣದಂಥ ದಪ್ಪ ಕಾಗದದ ಮೇಲೆ ಮುದ್ರಿಸಿಕೊಂಡರೆ ಆ ದಾಸ್ತಾನು ಮುಗಿಯುವವರೆಗೆ ನಡೆಯುತ್ತದೆ.